ಕೊಳೆತ ಮಾಂಸದಲ್ಲಿ ಹುಳು ತಾನಾಗಿಯೇ ಹುಟ್ಟುತ್ತದೆಯೇ? ಹಾವಿನ ಕಲ್ಲು ವಿಷ ಹೀರುತ್ತದೆಯೇ? 350 ವರ್ಷಗಳ ಹಿಂದೆಯೇ ನಡೆದ ಪರೀಕ್ಷೆ

"ಸಾವಿರಾರು ವರ್ಷಗಳಿಂದ ನಮ್ಮ ಹಿರಿಯರು ನಂಬಿದ್ದಾರೆ, ಹಳೆಯ ಗ್ರಂಥದಲ್ಲಿ ಬರೆದಿದೆ, ಒಬ್ಬರಿಗೆ ಗುಣವಾಗಿದ್ದನ್ನು ಕಣ್ಣಾರೆ ಕಂಡಿದ್ದೇವೆ." ವಾಟ್ಸಾಪ್‌ನಲ್ಲಿ ಬರುವ ಬಹುಪಾಲು ಆರೋಗ್ಯ ಸಂದೇಶಗಳು ಈ ಮೂರು ಮಾತುಗಳ ಮೇಲೆ ನಿಂತಿರುತ್ತವೆ. ಯೂರೋಪಿನಲ್ಲೂ ಒಂದು ಕಾಲದಲ್ಲಿ ವೈದ್ಯರು, ಪಂಡಿತರು ಇದೇ ಮೂರು ಮಾತುಗಳನ್ನು ಹೇಳುತ್ತಿದ್ದರು. ಅವು ಯಾಕೆ ಸಾಲದು ಎಂಬುದು ಅಲ್ಲಿನವರಿಗೆ ಒಂದೇ ದಿನದಲ್ಲಿ ಹೊಳೆಯಲಿಲ್ಲ. ಸುಮಾರು ಇನ್ನೂರು ವರ್ಷ ಹಿಡಿಯಿತು.

ಆ ಇನ್ನೂರು ವರ್ಷಗಳ ಕತೆಯನ್ನೇ ನಾವು ಶಾಲೆಯಲ್ಲಿ "ಪುನರುಜ್ಜೀವನ" ಮತ್ತು "ವೈಜ್ಞಾನಿಕ ಕ್ರಾಂತಿ" ಎಂಬ ಎರಡು ಪಾಠಗಳಾಗಿ ಓದಿರುತ್ತೇವೆ. ಪರೀಕ್ಷೆ ಮುಗಿದ ಮೇಲೆ ನೆನಪಿನಲ್ಲಿ ಉಳಿಯುವುದು ಕೆಲವು ಹೆಸರು ಮತ್ತು ಇಸವಿಗಳು ಮಾತ್ರ. ಇಲ್ಲಿ ನಾವು ಹೆಸರುಗಳ ಪಟ್ಟಿ ಕೊಡುವುದಿಲ್ಲ. ಇಟಲಿಯ ಒಬ್ಬ ವೈದ್ಯ ಮಾಂಸದ ತುಂಡು, ನೊಣ ಮತ್ತು ಹಾವುಗಳನ್ನು ಇಟ್ಟುಕೊಂಡು ಏನು ಮಾಡಿದ ಎಂಬುದನ್ನು ನೋಡೋಣ. ಅವನ ಪರೀಕ್ಷೆಗೆ ಒಳಗಾದ ವಸ್ತುಗಳಲ್ಲಿ ಒಂದು ನಮ್ಮ ಭಾರತದಿಂದಲೇ ಹೋಗಿತ್ತು. ಅದೇ ವಸ್ತು ಇಂದಿಗೂ ನಮ್ಮಲ್ಲಿ ಜನರ ಜೀವಕ್ಕೆ ಕುತ್ತು ತರುತ್ತಿದೆ.

ಮೊದಲ ಹೆಜ್ಜೆ: ಪುಸ್ತಕವನ್ನು ಪುಸ್ತಕದ ಪಕ್ಕದಲ್ಲಿಟ್ಟು ನೋಡಿದರು

ಪುನರುಜ್ಜೀವನ ಎಂದರೆ ಹಳೆಯದನ್ನು ತಿರಸ್ಕರಿಸಿದ ಕಾಲ ಎಂದು ಅನೇಕರು ತಿಳಿದಿದ್ದಾರೆ. ಆದದ್ದು ಅದಕ್ಕೆ ಉಲ್ಟಾ. 14 ಮತ್ತು 15ನೇ ಶತಮಾನದ ಇಟಲಿಯ ವಿದ್ವಾಂಸರು ಪ್ರಾಚೀನ ಗ್ರೀಕ್ ಮತ್ತು ಲ್ಯಾಟಿನ್ ಗ್ರಂಥಗಳನ್ನು ಹುಡುಕಿ ಹುಡುಕಿ ತಂದರು. ಮಠಗಳ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಸ್ತಪ್ರತಿಗಳನ್ನು ನಕಲು ಮಾಡಿದರು. 1450ರ ಸುಮಾರಿಗೆ ಜರ್ಮನಿಯಲ್ಲಿ ಗುಟೆನ್‌ಬರ್ಗ್ ಅಚ್ಚುಮೊಳೆಯ ಮುದ್ರಣ ಶುರುಮಾಡಿದ ಮೇಲೆ ಈ ಪುಸ್ತಕಗಳು ಊರೂರಿಗೆ ಹಬ್ಬಿದವು.

ಆಗ ಯಾರೂ ನಿರೀಕ್ಷಿಸದ ಒಂದು ತೊಂದರೆ ಎದುರಾಯಿತು. ಒಂದೇ ಪುಸ್ತಕ ಇದ್ದಾಗ ಅದು ಹೇಳಿದ್ದೇ ಸತ್ಯ. ನಾಲ್ಕು ಪುಸ್ತಕಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಬಿಡಿಸಿಟ್ಟರೆ, ಒಂದು ಹೇಳಿದ್ದು ಇನ್ನೊಂದಕ್ಕೆ ಹೊಂದುವುದಿಲ್ಲ.

ಒಂದು ಉದಾಹರಣೆ ನೋಡಿ. ರೋಮಿನ ಪ್ಲಿನಿ ಎಂಬಾತನ ಗ್ರಂಥ ಗಿಡಮೂಲಿಕೆಗಳ ವಿಷಯದಲ್ಲಿ ಸಾವಿರದ ನಾನೂರು ವರ್ಷ ದೊಡ್ಡ ಆಧಾರವಾಗಿತ್ತು. 1492ರಲ್ಲಿ ಇಟಲಿಯ ಫೆರಾರಾ ನಗರದ ವೈದ್ಯ ನಿಕೊಲೊ ಲಿಯೊನಿಚೆನೊ ಆ ಗ್ರಂಥದ ತಪ್ಪುಗಳ ಬಗ್ಗೆಯೇ ಒಂದು ಪುಸ್ತಕ ಪ್ರಕಟಿಸಿದ. ಗ್ರೀಕ್ ಭಾಷೆಯಲ್ಲಿ "ಕಿಸ್ಸೋಸ್" ಎಂದರೆ ಒಂದು ಬಳ್ಳಿ, "ಕಿಸ್ತೋಸ್" ಎಂದರೆ ಬೇರೆಯೇ ಒಂದು ಪೊದೆ. ಪ್ಲಿನಿ ಗ್ರೀಕರ ಪುಸ್ತಕಗಳಿಂದ ಟಿಪ್ಪಣಿ ಮಾಡಿಕೊಳ್ಳುವಾಗ ಎರಡನ್ನೂ ಒಂದೇ ಎಂದುಕೊಂಡು ಗೊಂದಲ ಮಾಡಿದ್ದ. ಒಂದು ಅಕ್ಷರದ ವ್ಯತ್ಯಾಸ ಅಷ್ಟೆ. ಆದರೆ ಆ ಪುಸ್ತಕ ನೋಡಿ ಔಷಧಿ ಅರೆಯುವವನು ರೋಗಿಗೆ ಬೇರೆ ಗಿಡವನ್ನೇ ಕುಡಿಸಿಬಿಡುತ್ತಾನೆ.

ಇದು ಪುನರುಜ್ಜೀವನದ ಕೊಡುಗೆ. ಹಳೆಯ ಗ್ರಂಥವನ್ನು ಪ್ರೀತಿಯಿಂದ, ಆದರೆ ಎಚ್ಚರದಿಂದ ಓದುವ ಅಭ್ಯಾಸ ಬಂತು. ಯಾರು ಬರೆದರು, ಯಾವುದನ್ನು ನೋಡಿ ಬರೆದರು, ನಕಲು ಮಾಡುವಾಗ ಏನು ಕೆಟ್ಟಿತು ಎಂದು ಕೇಳಲು ಕಲಿತರು.

ಎರಡನೇ ಹೆಜ್ಜೆ: ಪುಸ್ತಕವನ್ನು ವಸ್ತುವಿನ ಪಕ್ಕದಲ್ಲಿಟ್ಟು ನೋಡಿದರು

ಎರಡು ಪುಸ್ತಕಗಳು ಜಗಳವಾಡಿದರೆ ತೀರ್ಪು ಕೊಡುವವರು ಯಾರು? ಮೂರನೇ ಪುಸ್ತಕವೇ? ಇಲ್ಲ, ಪುಸ್ತಕ ಯಾವ ವಸ್ತುವಿನ ಬಗ್ಗೆ ಹೇಳುತ್ತಿದೆಯೋ ಆ ವಸ್ತುವನ್ನೇ ನೋಡಬೇಕು.

ಪ್ರಾಚೀನ ವೈದ್ಯ ಗೇಲನ್ ಮನುಷ್ಯನ ಕೆಳದವಡೆ ಎರಡು ಮೂಳೆಗಳಿಂದ ಆಗಿದೆ ಎಂದು ಬರೆದಿದ್ದ. ವೈದ್ಯ ವಿದ್ಯಾರ್ಥಿಗಳು ಹದಿಮೂರು ಶತಮಾನ ಅದನ್ನೇ ಕಲಿತರು. ಪಡುವಾ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಆಂಡ್ರಿಯಾಸ್ ವೆಸಾಲಿಯಸ್ ಶವಗಳನ್ನು ತಾನೇ ಕೊಯ್ದು ನೋಡಿದ. ವಯಸ್ಕ ಮನುಷ್ಯನ ಕೆಳದವಡೆ ಒಂದೇ ಮೂಳೆ. 1543ರಲ್ಲಿ ಚಿತ್ರಗಳ ಸಮೇತ ಅಚ್ಚು ಹಾಕಿಸಿದ. ಗೇಲನ್ ದಡ್ಡನೇನೂ ಆಗಿರಲಿಲ್ಲ. ಅವನು ಕೊಯ್ದು ನೋಡಿದ್ದು ಹೆಚ್ಚಾಗಿ ಕೋತಿ, ಹಂದಿಯಂಥ ಪ್ರಾಣಿಗಳನ್ನು. ನಾಯಿಯ ದವಡೆಯಲ್ಲಿ ಎರಡು ಭಾಗಗಳು ಮುಂದೆ ಕೂಡಿರುವುದು ಇಂದಿಗೂ ಕಾಣುತ್ತದೆ. ಪ್ರಾಣಿಗಳಲ್ಲಿ ಕಂಡದ್ದನ್ನು ಮನುಷ್ಯನಿಗೂ ಅನ್ವಯಿಸಿದ್ದೇ ಇಂಥ ತಪ್ಪುಗಳ ಮೂಲ.

ಇಲ್ಲಿಗೆ ಕೆಲಸ ಮುಗಿಯಿತು ಎನಿಸಬಹುದು. "ಕಣ್ಣಾರೆ ನೋಡಿ" ಎಂದರೆ ಸಾಕಲ್ಲವೇ? ಸಾಕಾಗುವುದಿಲ್ಲ. ದವಡೆಯ ಮೂಳೆಯನ್ನು ನೋಡಿ ಎಣಿಸಬಹುದು. ಆದರೆ "ಇದರಿಂದ ಅದು ಆಯಿತೇ?" ಎಂಬ ಪ್ರಶ್ನೆಗೆ ಕಣ್ಣು ಸುಲಭವಾಗಿ ಮೋಸಹೋಗುತ್ತದೆ. ಅದಕ್ಕೆ ಒಳ್ಳೆಯ ಉದಾಹರಣೆ ಮಾಂಸದ ಹುಳು.

ಮೂರನೇ ಹೆಜ್ಜೆ: ಎರಡು ಸಾಲು ಪಾತ್ರೆಗಳು

ಮಾಂಸವನ್ನು ನಾಲ್ಕು ದಿನ ಹೊರಗಿಟ್ಟರೆ ಬಿಳಿ ಹುಳುಗಳು ಬರುತ್ತವೆ. ಹೊರಗಿನಿಂದ ಹುಳು ತೆವಳಿಕೊಂಡು ಬಂದದ್ದನ್ನು ಯಾರೂ ನೋಡಿಲ್ಲ. ಹಾಗಾದರೆ ಕೊಳೆತ ಮಾಂಸವೇ ಹುಳುವಾಗುತ್ತದೆ ಎಂದು ಜನ ನಂಬಿದ್ದರು. ಇದು ಕೇವಲ ಹಳ್ಳಿಗರ ನಂಬಿಕೆ ಅಲ್ಲ. ಅರಿಸ್ಟಾಟಲ್‌ನಂಥ ಮಹಾ ಮೇಧಾವಿಯೂ ಕೆಲವು ಜೀವಿಗಳು ಕೊಳೆಯುವ ವಸ್ತುವಿನಿಂದ ಹುಟ್ಟುತ್ತವೆ ಎಂದಿದ್ದ. 17ನೇ ಶತಮಾನದ ಹೆಸರಾಂತ ರಸಾಯನ ಪಂಡಿತ ವ್ಯಾನ್ ಹೆಲ್ಮಾಂಟ್, ಕೊಳಕು ಅಂಗಿಯನ್ನು ಗೋಧಿಯ ಜೊತೆ ಪಾತ್ರೆಯಲ್ಲಿಟ್ಟರೆ 21 ದಿನಗಳಲ್ಲಿ ಇಲಿ ಹುಟ್ಟುತ್ತದೆ ಎಂದೇ ಬರೆದಿದ್ದ. ಇವರೆಲ್ಲ "ಕಣ್ಣಾರೆ ಕಂಡವರೇ".

ಫ್ಲಾರೆನ್ಸ್ ನಗರದಲ್ಲಿ ಫ್ರಾನ್ಸೆಸ್ಕೊ ರೆಡಿ ಎಂಬ ವೈದ್ಯನಿದ್ದ. ಅಲ್ಲಿನ ಮೆಡಿಚಿ ದೊರೆಗಳ ಆಸ್ಥಾನ ವೈದ್ಯ, ಕವಿಯೂ ಹೌದು. ಅವನು ಹಳೆಯ ಸಾಹಿತ್ಯವನ್ನು ಚೆನ್ನಾಗಿ ಓದಿಕೊಂಡಿದ್ದ. ಹೋಮರನ ಕಾವ್ಯದಲ್ಲಿ, ಸತ್ತ ಗೆಳೆಯನ ಗಾಯಗಳಿಗೆ ನೊಣ ಮುತ್ತಿ ಹುಳು ಹುಟ್ಟಿಸಬಹುದೆಂದು ಅಕಿಲೀಸ್ ಹೆದರುತ್ತಾನೆ. ಬೇಟೆಗಾರರು ಮತ್ತು ಕಸಾಯಿಗಳು ಬೇಸಿಗೆಯಲ್ಲಿ ಮಾಂಸದ ಮೇಲೆ ಬಿಳಿ ಬಟ್ಟೆ ಹೊದಿಸುವುದನ್ನೂ ರೆಡಿ ಗಮನಿಸಿದ್ದ. ಕವಿಗೂ ಕಸಾಯಿಗೂ ಗೊತ್ತಿರುವ ಸಂಗತಿ ಪಂಡಿತರಿಗೆ ಯಾಕೆ ಗೊತ್ತಿಲ್ಲ?

ಅವನು ಮೊದಲು ಸತ್ತ ಹಾವುಗಳನ್ನು ತೆರೆದ ಪೆಟ್ಟಿಗೆಯಲ್ಲಿಟ್ಟು ನೋಡಿದ. ಹುಳು ಬಂದವು, ಮಾಂಸ ತಿಂದವು, ಆಮೇಲೆ ಗಟ್ಟಿ ಕೋಶಗಳಾದವು. ಆ ಕೋಶಗಳನ್ನು ಎತ್ತಿ ಗಾಜಿನ ಪಾತ್ರೆಯಲ್ಲಿ ಮುಚ್ಚಿಟ್ಟ. ಕೆಲವು ದಿನಗಳಲ್ಲಿ ಅವು ಒಡೆದು ನೊಣಗಳು ಹೊರಬಂದವು. ಮಾಂಸದ ಮೇಲೆ ಮೊದಲು ಹಾರಾಡುತ್ತಿದ್ದ ಜಾತಿಯ ನೊಣಗಳೇ ಅವು. ಬೇರೆಬೇರೆ ಪ್ರಾಣಿಗಳ ಮಾಂಸ ಇಟ್ಟರೂ ಒಂದೇ ಬಗೆಯ ನೊಣ ಬರುತ್ತಿತ್ತು, ಕೆಲವೊಮ್ಮೆ ಒಂದೇ ಮಾಂಸದಿಂದ ಹಲವು ಬಗೆಯ ನೊಣ ಬರುತ್ತಿದ್ದವು. ಮಾಂಸವೇ ಹುಳುವಾಗುವುದಾದರೆ ಪ್ರತಿ ಮಾಂಸಕ್ಕೂ ಅದರದೇ ಹುಳು ಇರಬೇಕಿತ್ತಲ್ಲವೇ? ಅವನಿಗೆ ಅನುಮಾನ ಬಲವಾಯಿತು. ಆದರೆ ಅನುಮಾನ ಪುರಾವೆ ಅಲ್ಲ ಎಂಬುದೂ ಅವನಿಗೆ ತಿಳಿದಿತ್ತು.

ಆಗ ಅವನು ಅಗಲ ಬಾಯಿಯ ನಾಲ್ಕು ದೊಡ್ಡ ಪಾತ್ರೆ ತೆಗೆದುಕೊಂಡ. ಒಂದರಲ್ಲಿ ಹಾವು, ಒಂದರಲ್ಲಿ ಹೊಳೆಮೀನು, ಒಂದರಲ್ಲಿ ಆರ್ನೊ ನದಿಯ ಹಾವುಮೀನು, ಇನ್ನೊಂದರಲ್ಲಿ ಎಳೆಗರುವಿನ ಮಾಂಸ ಹಾಕಿ ಬಾಯಿಯನ್ನು ಭದ್ರವಾಗಿ ಮುಚ್ಚಿದ. ಇನ್ನೂ ನಾಲ್ಕು ಪಾತ್ರೆಗಳಲ್ಲಿ ಅದನ್ನೇ ಹಾಕಿ ತೆರೆದಿಟ್ಟ. ತೆರೆದವುಗಳಲ್ಲಿ ನೊಣ ಹೋಗಿ ಬಂದು ಮಾಡಿದವು, ಹುಳುವಾಯಿತು. ಮುಚ್ಚಿದವುಗಳಲ್ಲಿ ಮಾಂಸ ಕೊಳೆತು ನಾರಿತು, ಹುಳು ಮಾತ್ರ ಇಲ್ಲ.

ಈ ಎರಡನೇ ಸಾಲಿನ ಪಾತ್ರೆಗಳೇ ಕತೆಯ ತಿರುಳು. ಬರೀ ಮುಚ್ಚಿದ ಪಾತ್ರೆ ಇಟ್ಟಿದ್ದರೆ "ಈ ಸಲ ಮಾಂಸ ಸರಿಯಿರಲಿಲ್ಲ, ಹವೆ ಸರಿಯಿರಲಿಲ್ಲ" ಎಂದು ಯಾರಾದರೂ ಹೇಳಬಹುದಿತ್ತು. ಅದೇ ಮಾಂಸ, ಅದೇ ಹವೆ, ಅದೇ ದಿನಗಳು, ಬದಲಾಗಿದ್ದು ಮುಚ್ಚಳ ಒಂದೇ. ಹಾಗಾಗಿ ಫಲಿತಾಂಶ ಬದಲಾದರೆ ಕಾರಣವೂ ಮುಚ್ಚಳದಲ್ಲೇ ಇರಬೇಕು.

ನಿಮ್ಮ ಮನಸ್ಸಿಗೂ ಒಂದು ಆಕ್ಷೇಪ ಬಂದಿರಬಹುದು. ಮುಚ್ಚಳ ಹಾಕಿದರೆ ನೊಣದ ಜೊತೆ ಗಾಳಿಯೂ ನಿಂತುಹೋಗುತ್ತದೆ. ಗಾಳಿ ಇಲ್ಲದ್ದಕ್ಕೇ ಹುಳು ಹುಟ್ಟಲಿಲ್ಲ ಎನ್ನಬಹುದಲ್ಲ? ರೆಡಿಯೂ ಇದನ್ನೇ ಯೋಚಿಸಿದ. ಮತ್ತೊಮ್ಮೆ ಪಾತ್ರೆ ಇಟ್ಟು, ಈ ಬಾರಿ ಬಾಯಿಗೆ ನೇಪಲ್ಸ್‌ನ ತೆಳುವಾದ ಜಾಲರಿ ಬಟ್ಟೆ ಕಟ್ಟಿದ. ಗಾಳಿ ಹೋಗುತ್ತದೆ, ನೊಣ ಹೋಗುವುದಿಲ್ಲ. ಮಾಂಸದಲ್ಲಿ ಹುಳು ಹುಟ್ಟಲಿಲ್ಲ. ವಾಸನೆಗೆ ಬಂದ ನೊಣಗಳು ಬಟ್ಟೆಯ ಮೇಲೆಯೇ ಮರಿಹುಳುಗಳನ್ನು ಬಿಟ್ಟು ಹೋದವು. ಎಂದರೆ ಹುಳು ಎಲ್ಲಿಂದ ಬರುತ್ತದೆ ಎಂಬುದು ಕಣ್ಣೆದುರೇ ಕಂಡಿತು. 1668ರಲ್ಲಿ ಅವನು ಇದನ್ನು ಪಂಡಿತರ ಲ್ಯಾಟಿನ್‌ನಲ್ಲಿ ಬರೆಯದೆ ಇಟಾಲಿಯನ್ ಭಾಷೆಯಲ್ಲಿ ಪ್ರಕಟಿಸಿದ.

ಇದು ವೈಜ್ಞಾನಿಕ ಕ್ರಾಂತಿ. ನೋಡುವುದರ ಜೊತೆಗೆ ಹೋಲಿಸಿ ನೋಡುವುದು, ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ನಮ್ಮ ಉತ್ತರಕ್ಕೆ ನಾವೇ ಎದುರು ವಾದ ಹೂಡಿ ಮತ್ತೆ ಪರೀಕ್ಷಿಸುವುದು.

"ಹಾಗಾದರೆ ಮುಚ್ಚಿದ ಡಬ್ಬಿಯ ಅಕ್ಕಿಯಲ್ಲಿ ಹುಳು ಹೇಗೆ ಬಂತು?"

ಇದು ನ್ಯಾಯವಾದ ಪ್ರಶ್ನೆ. ಬಿಗಿಯಾಗಿ ಮುಚ್ಚಿದ ಡಬ್ಬಿಯಲ್ಲೂ ಒಂದು ತಿಂಗಳಾದ ಮೇಲೆ ಮೂತಿ ಇರುವ ಕಪ್ಪು ಹುಳು ಓಡಾಡುತ್ತದೆ. ಇದು ರೆಡಿಯ ಮಾತನ್ನು ಸುಳ್ಳಾಗಿಸುವುದಿಲ್ಲವೇ?

ಇಲ್ಲ. ಹೆಣ್ಣು ಹುಳು ತನ್ನ ಮೂತಿಯಿಂದ ಅಕ್ಕಿಕಾಳಿನಲ್ಲಿ ಸಣ್ಣ ತೂತು ಕೊರೆದು, ಒಳಗೆ ಮೊಟ್ಟೆ ಇಟ್ಟು, ಅಂಟಿನಂಥ ವಸ್ತುವಿನಿಂದ ಮುಚ್ಚುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಗೋದಾಮಿನಲ್ಲೋ ಅಂಗಡಿಯಲ್ಲೋ ಇದು ಆಗಿರುತ್ತದೆ. ನಾವು ಡಬ್ಬಿ ಮುಚ್ಚುವಾಗ ಹುಳು ಆಗಲೇ ಒಳಗಿರುತ್ತದೆ. ಮರಿ ಕಾಳಿನೊಳಗೇ ತಿಂದು ಬೆಳೆದು, ಕೊರೆದುಕೊಂಡು ಹೊರಬರುತ್ತದೆ. ಎಂದರೆ ಮುಚ್ಚಳ ಹಾಕುವ ಮೊದಲು ಏನಾಗಿತ್ತು ಎಂಬುದನ್ನೂ ಕೇಳಬೇಕು. ಮಾಂಸದ ಪರೀಕ್ಷೆಯಲ್ಲೂ ಅಷ್ಟೆ. ಮುಚ್ಚುವ ಮೊದಲೇ ನೊಣ ಕೂತಿದ್ದರೆ ಮುಚ್ಚಿದ ಪಾತ್ರೆಯಲ್ಲೂ ಹುಳುವಾಗುತ್ತದೆ.

ಸ್ವತಃ ರೆಡಿ ಇಂಥದೇ ಜಾಗದಲ್ಲಿ ಎಡವಿದ. ಕೆಲವು ಮರಗಳ ಎಲೆಯ ಮೇಲೆ ಗಂಟುಗಳಾಗುತ್ತವೆ, ಬಿಡಿಸಿದರೆ ಒಳಗೆ ಹುಳು ಇರುತ್ತದೆ. ಹೊರಗೆ ತೂತಿಲ್ಲ. ಹಾಗಾಗಿ ಆ ಹುಳುವನ್ನು ಮರವೇ ಹುಟ್ಟಿಸುತ್ತದೆ ಎಂದು ಅವನು ನಂಬಿದ. ಕೀಟವು ಎಲೆಯಲ್ಲಿ ಮೊಟ್ಟೆ ಇಟ್ಟ ಮೇಲೆಯೇ ಗಂಟು ಬೆಳೆಯುತ್ತದೆ ಎಂದು ಕೆಲವೇ ವರ್ಷಗಳಲ್ಲಿ ಇಟಲಿಯ ಮಾಲ್ಪೀಗಿ ತೋರಿಸಿಕೊಟ್ಟ. ಬರಿಗಣ್ಣಿಗೆ ಕಾಣದ ಸೂಕ್ಷ್ಮಜೀವಿಗಳೂ ತಾನಾಗಿ ಹುಟ್ಟುವುದಿಲ್ಲ ಎಂದು ತೋರಿಸಲು 1860ರ ಸುಮಾರಿನ ಲೂಯಿ ಪಾಶ್ಚರ್‌ವರೆಗೆ ಕಾಯಬೇಕಾಯಿತು. ರೆಡಿ ಹೇಳಿದ್ದೆಲ್ಲ ಸರಿ ಎಂದು ಯಾರೂ ಒಪ್ಪಬೇಕಿಲ್ಲ. ಅವನ ವಿಧಾನವನ್ನೇ ಬಳಸಿ ಅವನ ತಪ್ಪನ್ನೂ ಹಿಡಿಯಬಹುದು.

ಭಾರತದಿಂದ ಹೋದ ಹಾವಿನ ಕಲ್ಲು

ಈಗ ನಮಗೆ ನೇರವಾಗಿ ಸಂಬಂಧಿಸಿದ ಭಾಗ. ರೆಡಿಯ ಕಾಲದಲ್ಲಿ ಭಾರತದಿಂದ ಮರಳಿದ ಕ್ರೈಸ್ತ ಸನ್ಯಾಸಿಗಳು ಕೆಲವು ನುಣುಪಾದ ಕಲ್ಲುಗಳನ್ನು ಅವನ ದೊರೆಗಳ ಆಸ್ಥಾನಕ್ಕೆ ತಂದರು. ಇವು ಹೆಡೆ ಇರುವ ಹಾವಿನ ತಲೆಯಲ್ಲಿ ಸಿಗುತ್ತವೆ, ಕಚ್ಚಿದ ಜಾಗದಲ್ಲಿಟ್ಟರೆ ಅಂಟಿಕೊಂಡು ವಿಷ ಹೀರುತ್ತವೆ, ವಿಷ ತುಂಬಿದ ಮೇಲೆ ತಾವೇ ಕಳಚಿ ಬೀಳುತ್ತವೆ, ಹಾಲಿನಲ್ಲಿ ಹಾಕಿದರೆ ವಿಷ ಬಿಡುತ್ತವೆ ಎಂದು ಹೇಳಿದರು. ಇಂದಿಗೂ ಇದೇ ಮಾತು ವಿಡಿಯೊಗಳಲ್ಲಿ ಹರಿದಾಡುತ್ತದೆ.

ರೋಮಿನ ಹೆಸರಾಂತ ವಿದ್ವಾಂಸ ಅಥನಾಸಿಯಸ್ ಕಿರ್ಚರ್ ಈ ಕಲ್ಲಿನ ಪರವಾಗಿದ್ದ. ಹಾವು ಕಚ್ಚಿದ ಒಂದು ನಾಯಿಗೆ ಕಲ್ಲು ಇಟ್ಟಾಗ ಅದು ಬದುಕಿತು ಎಂಬುದು ಅವನ ಪುರಾವೆ. ರೆಡಿ ಕಲ್ಲುಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿದ. ವಿಷ ಸೇರಿದ ಗಾಯಕ್ಕೆ ಕಲ್ಲು ಅಂಟಿಸಿದರೂ ಪ್ರಾಣಿಗಳು ಸತ್ತವು. 1671ರಲ್ಲಿ ಕಿರ್ಚರ್‌ಗೇ ಬರೆದ ಪತ್ರದ ರೂಪದಲ್ಲಿ ಇದನ್ನು ಪುಸ್ತಕ ಮಾಡಿ ಪ್ರಕಟಿಸಿದ.

ಹಾಗಾದರೆ ಕಿರ್ಚರ್‌ನ ನಾಯಿ ಬದುಕಿದ್ದು ಹೇಗೆ? ಇಲ್ಲಿ ಎರಡನೇ ಸಾಲಿನ ಪಾತ್ರೆಗಳನ್ನು ನೆನಪಿಸಿಕೊಳ್ಳಿ. ಕಲ್ಲು ಇಡದಿದ್ದರೆ ಆ ನಾಯಿ ಏನಾಗುತ್ತಿತ್ತು ಎಂದು ಯಾರಿಗೂ ಗೊತ್ತಿಲ್ಲ. ನಮ್ಮಲ್ಲಿ ಕಚ್ಚುವ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ವಿಷದ ಹಾವು ಕಚ್ಚಿದಾಗಲೂ ಕೆಲವೊಮ್ಮೆ ವಿಷ ಒಳಗೆ ಹೋಗಿರುವುದಿಲ್ಲ. ಲೆಕ್ಕಕ್ಕೆಂದು, ಹಾವು ಕಚ್ಚಿದ 10 ಜನ ಕಲ್ಲು ಇಡುವವರ ಬಳಿ ಹೋದರು ಎಂದುಕೊಳ್ಳಿ. ಅವರಲ್ಲಿ 7 ಜನರಿಗೆ ವಿಷ ಏರಿಯೇ ಇಲ್ಲ. ಆ 7 ಜನ ಕಲ್ಲು ಇಟ್ಟರೂ ಬದುಕುತ್ತಾರೆ, ಇಡದಿದ್ದರೂ ಬದುಕುತ್ತಾರೆ. ಊರಿಗೆ ಮರಳಿ "ಕಲ್ಲಿನಿಂದ ಉಳಿದೆ" ಎಂದು ಹೇಳುವವರು ಅವರೇ. ವಿಷ ಏರಿದ ಉಳಿದವರು ಸತ್ತರೆ ತಮ್ಮ ಕತೆ ಹೇಳಲು ಬರುವುದಿಲ್ಲ.

ಕಲ್ಲು ಅಂಟಿಕೊಳ್ಳುವುದು ಸುಳ್ಳಲ್ಲ. ಅವುಗಳಲ್ಲಿ ಅನೇಕವು ಸುಟ್ಟ ಮೂಳೆಯಿಂದ ಮಾಡಿದವು. ಅದರಲ್ಲಿ ಸಣ್ಣ ಸಣ್ಣ ರಂಧ್ರಗಳಿರುವುದರಿಂದ ಒದ್ದೆ ಇರುವ ಕಡೆ ಅಂಟುತ್ತದೆ. ವಿಷವೇ ಇಲ್ಲದ ಒದ್ದೆ ನಾಲಿಗೆಗೂ ಅಂಟುತ್ತದೆ. ಹಾಲಿನಲ್ಲಿ ಹಾಕಿದಾಗ ಏಳುವ ಗುಳ್ಳೆ ರಂಧ್ರಗಳಲ್ಲಿದ್ದ ಗಾಳಿ. ಆದರೆ ಹಾವಿನ ವಿಷ ಚರ್ಮದ ಮೇಲೆ ನಿಂತಿರುವುದಿಲ್ಲ, ಹಲ್ಲಿನ ಮೂಲಕ ಒಳಗೆ ಇಳಿದು ದೇಹದಲ್ಲಿ ಹರಡುತ್ತದೆ. ಮೇಲಿಟ್ಟ ಕಲ್ಲು ಅದನ್ನು ಮರಳಿ ಎಳೆಯಲಾರದು.

ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ ಸುಮಾರು 58,000 ಜನ ಸತ್ತರು ಎಂದು ಅಧ್ಯಯನವೊಂದು ಅಂದಾಜು ಮಾಡಿದೆ. ಕಲ್ಲು ಅಂಟಿಸಿಕೊಂಡು ಕೂತ ಸಮಯ ಆಸ್ಪತ್ರೆಗೆ ಹೋಗಬಹುದಾಗಿದ್ದ ಸಮಯ. ವಿಷ ಏರಿದವರಿಗೆ ನಿಜವಾದ ಮದ್ದು ಪ್ರತಿವಿಷದ ಚುಚ್ಚುಮದ್ದು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆ ಒಂದೇ ಮದ್ದು ಕೆಲಸ ಮಾಡುತ್ತದೆ. ಹಾವು ಕಚ್ಚಿದರೆ ಉಂಗುರ, ಬಳೆ, ಗಡಿಯಾರ ತೆಗೆಯಿರಿ, ಕಚ್ಚಿದ ಕೈ ಅಥವಾ ಕಾಲನ್ನು ಅಲುಗಾಡಿಸದೆ ಇರಿಸಿ, 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಹೊರಡಿ. ಕೊಯ್ಯಬೇಡಿ, ಬಾಯಲ್ಲಿ ಹೀರಬೇಡಿ, ಹಗ್ಗ ಬಿಗಿಯಬೇಡಿ. ಕಟ್ಟುಹಾವು ಕಚ್ಚಿದಾಗ ನೋವು, ಊತ ಇಲ್ಲದೆಯೂ ಇರಬಹುದು, ಆದ್ದರಿಂದ "ಏನೂ ಆಗಿಲ್ಲ" ಎಂದು ಮನೆಯಲ್ಲಿ ಕಾಯಬೇಡಿ.

ಮುಂದಿನ ಬಾರಿ "ಇದರಿಂದ ಗುಣವಾಯಿತು" ಎಂಬ ಸಂದೇಶ ಬಂದಾಗ, ಫಾರ್ವರ್ಡ್ ಒತ್ತುವ ಮೊದಲು ರೆಡಿಯ ಒಂದು ಪ್ರಶ್ನೆ ಕೇಳಿ: ಇದನ್ನು ಬಳಸದವರಿಗೆ ಏನಾಯಿತು? ಸಂದೇಶದಲ್ಲಿ ಅದಕ್ಕೆ ಉತ್ತರವಿಲ್ಲದಿದ್ದರೆ, ತೆರೆದ ಪಾತ್ರೆಯನ್ನು ಇಡದೆ ಮಾಡಿದ ಪರೀಕ್ಷೆ ಅದು. ಅದನ್ನು ಯಾರಿಗೂ ಕಳಿಸುವ ಅಗತ್ಯವಿಲ್ಲ.